ಕೆಲಸದ ಪರಾಮರ್ಶೆಗೆ ಕರೆಯುವುದು ಹೇಗೆ?

ಕಾರ್ಯಕರ್ತರ ಜೊತೆ ಕುಳಿತು ಅವರ ಕೆಲಸವನ್ನು ಪರಾಮರ್ಶಿಸುವುದು ಸಂಯೋಜಕರ ಜವಾಬ್ದಾರಿ. ಆ ಮಾತುಕತೆಯಿಂದ ಉಪಯೋಗ ಆಗುತ್ತದೋ ಇಲ್ಲವೋ ಎಂಬುದು ಬಹುಪಾಲು ಕರೆಯುವ ರೀತಿಯಲ್ಲೇ ತೀರ್ಮಾನವಾಗುತ್ತದೆ.

ಒಂದು ಉದಾಹರಣೆ ನೋಡೋಣ. ಒಬ್ಬ ಕಾರ್ಯಕರ್ತೆ 14 ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುತ್ತಾರೆ. ಸಭೆಗಳು ಚೆನ್ನಾಗಿ ನಡೆಯುತ್ತಿವೆ, ಆದರೆ ಎರಡು ತಿಂಗಳಿಂದ ಮಾಸಿಕ ವರದಿ ತಡವಾಗಿದೆ. ಶನಿವಾರ ಸಂಜೆ ಸಂಯೋಜಕರ ಫೋನು: "ಸೋಮವಾರ ಆಫೀಸಿಗೆ ಬನ್ನಿ, ಸ್ವಲ್ಪ ಮಾತಾಡೋದಿದೆ." ಅಷ್ಟೇ. ಯೋಜನೆಯ ಅವಧಿ ಮಾರ್ಚ್‌ಗೆ ಮುಗಿಯುವುದು ಅವರಿಗೆ ಗೊತ್ತು. "ಕೆಲಸದಿಂದ ತೆಗೀತಾರೇನೋ" ಅಂತ ಭಾನುವಾರವಿಡೀ ಚಿಂತೆ. ಸೋಮವಾರ ಎಲ್ಲ ಸಂಘಗಳ ಪುಸ್ತಕ ಹೊತ್ತು ಬರುತ್ತಾರೆ, ಕೇಳಿದ್ದಕ್ಕೆಲ್ಲ "ಆಯ್ತು ಸರ್" ಅನ್ನುತ್ತಾರೆ. ವರದಿ ಯಾಕೆ ತಡವಾಯಿತು ಎಂಬುದು ಹೊರಗೆ ಬರುವುದೇ ಇಲ್ಲ.

ಇಲ್ಲಿ ಹೆದರಿಸಿದ್ದು ಗದರಿಕೆಯಲ್ಲ, ಹೇಳದೆ ಬಿಟ್ಟ ಮಾತು. ಆದ್ದರಿಂದ ನಾಲ್ಕೈದು ದಿನ ಮೊದಲೇ, ಬೇರೆಯವರ ಎದುರಿಗಲ್ಲದೆ, ಹೀಗೆ ಹೇಳಬಹುದು:

"ಮುಂದಿನ ಮಂಗಳವಾರ 11 ಗಂಟೆಗೆ ನಿಮ್ಮ ಆರು ತಿಂಗಳ ಕೆಲಸದ ಪರಾಮರ್ಶೆಗೆ ಕೂರೋಣ. ಎಲ್ಲ ಕಾರ್ಯಕರ್ತರ ಜೊತೆಗೂ ಈ ತಿಂಗಳು ಕೂರ್ತಿದ್ದೇನೆ. ನಾವಿಬ್ಬರೇ, ಸುಮಾರು ಒಂದು ಗಂಟೆ. ಹೊಸ ಸಂಘಗಳು ಹೇಗೆ ನಡೀತಿವೆ, ವರದಿ ತಡವಾಗ್ತಿರೋದಕ್ಕೆ ಏನು ಮಾಡಬಹುದು, ಇವೆರಡು ನನ್ನ ಕಡೆಯಿಂದ. ನಿಮಗೆ ಕಷ್ಟ ಆಗ್ತಿರೋದು, ನಮ್ಮಿಂದ ಬೇಕಾದ ಸಹಾಯ ಬರ್ಕೊಂಡು ಬನ್ನಿ. ಪುಸ್ತಕಗಳು ಬೇಡ. ಆ ದಿನ ಆಗೋದಿಲ್ಲ ಅಂದ್ರೆ ಬೇರೆ ದಿನ ಹೇಳಿ."

ವರದಿಯ ವಿಷಯವನ್ನು ಇಲ್ಲಿ ಮುಚ್ಚಿಟ್ಟಿಲ್ಲ ಎಂಬುದನ್ನು ಗಮನಿಸಿ. "ಏನಿಲ್ಲ, ಸುಮ್ನೆ ಬನ್ನಿ" ಎಂದು ಕರೆದು ಆಮೇಲೆ ತಪ್ಪು ಎತ್ತಿದರೆ, ಮುಂದಿನ ಸಲ ನಿಮ್ಮ ಸಮಾಧಾನದ ಮಾತನ್ನು ಯಾರೂ ನಂಬುವುದಿಲ್ಲ. ಹೀಗೆ ಮೊದಲೇ ತಿಳಿದರೆ ಕಾರ್ಯಕರ್ತೆ ಯೋಚಿಸಿ ಬರುತ್ತಾರೆ: "ಸರ್, ದೂರದ ಎರಡು ಸಂಘಗಳ ಸಭೆ ತಿಂಗಳ ಕೊನೇ ದಿನ. ಅಲ್ಲಿಂದ ಬರೋ ಹೊತ್ತಿಗೆ ಕತ್ತಲಾಗುತ್ತೆ, ಲೆಕ್ಕ ಸೇರಿಸೋಕೆ ಆಗಲ್ಲ." ಸಭೆಯ ದಿನ ಬದಲಿಸಿದರೆ ಸಮಸ್ಯೆಗೆ ದಾರಿ ಸಿಗುತ್ತದೆ.

ಅವರು "ಏನಾದ್ರೂ ತಪ್ಪಾಯ್ತಾ ಸರ್?" ಎಂದು ಮತ್ತೆ ಕೇಳಿದರೆ, ಅಥವಾ ಸಹೋದ್ಯೋಗಿಗಳ ಹತ್ತಿರ ವಿಚಾರಿಸುತ್ತಿದ್ದರೆ, ಭಯ ಹೋಗಿಲ್ಲವೆಂದು ಅರ್ಥ. ಆಗ ಅವರ ಮನಸ್ಸಿನಲ್ಲಿರುವ ಪ್ರಶ್ನೆಗೇ ಉತ್ತರ ಕೊಡಿ: "ನಿಮ್ಮ ಕೆಲಸ ಮುಂದುವರಿಸೋ ವಿಷಯ ಅವತ್ತು ಬರೋದಿಲ್ಲ." ಇದು ನಿಜವಾಗಿದ್ದರೆ ಮಾತ್ರ ಹೇಳಿ. ಆ ವಿಷಯವೂ ಬರುವುದಿದ್ದರೆ ಅದನ್ನೂ ಮೊದಲೇ ತಿಳಿಸಬೇಕು.

ಹಣದ ದೂರು ಬಂದಿದ್ದರೆ ಅದು ಪರಾಮರ್ಶೆಯ ವಿಷಯವಲ್ಲ. ಅದಕ್ಕೆ ವಿಚಾರಣೆಯೆಂದೇ ಹೇಳಿ, ಪತ್ರ ಕೊಟ್ಟು ಪ್ರತ್ಯೇಕವಾಗಿ ಕರೆಯಿರಿ. ಎರಡನ್ನೂ ಬೆರೆಸಿದರೆ ಮುಂದೆ ಪರಾಮರ್ಶೆ ಎಂಬ ಹೆಸರು ಕೇಳಿದರೇ ಎಲ್ಲರಿಗೂ ಎದೆ ಹೊಡೆದುಕೊಳ್ಳುತ್ತದೆ.