ಚಾಕಣದ ಬಿಲ್ಲುಗಳಿಗೆ ನಾಮಕರಣ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕ ಹೊಯ್ದ ಬಿಡಿಭಾಗಗಳು ಲಾರಿ ಹತ್ತಿ ಪುಣೆಯ ವಾಹನ ಕಾರ್ಖಾನೆಗಳಿಗೆ ಬರುವುದು ಬಹುಕಾಲದ ವ್ಯವಹಾರ. ನಾನು ಲೆಕ್ಕಪತ್ರ ನೋಡಿಕೊಳ್ಳುವ ಚಾಕಣದ ಸಣ್ಣ ಕಾರ್ಖಾನೆಗೂ ಅಲ್ಲಿಂದ ಮಾಲು ಬರುತ್ತದೆ. ಕೊಲ್ಹಾಪುರದಿಂದ, ಭೋಸರಿಯಿಂದಲೂ ಬರುತ್ತದೆ. ಗೇಟಿನಲ್ಲಿ ಸೆಕ್ಯುರಿಟಿಯವರು ಬಿಲ್ಲಿಗೆ ಶಿಕ್ಕಾ ಹೊಡೆದು, ಮೊಬೈಲಿನಲ್ಲಿ ಫೋಟೋ ತೆಗೆದು ನಮಗೆ ಕಳಿಸುತ್ತಾರೆ. ತಿಂಗಳ ಕೊನೆಗೆ ಒಂದು ಫೋಲ್ಡರಿನ ತುಂಬ `IMG_20240612_174233.jpg` ಎಂಬಂಥ ಹೆಸರುಗಳು. ಫೋಟೋ ಯಾವಾಗ ತೆಗೆದದ್ದು ಎಂದು ಅವು ಹೇಳುತ್ತವೆ, ಯಾವ ಬಿಲ್ಲು ಎಂದು ಹೇಳುವುದಿಲ್ಲ.

ಹುಡುಕಾಟ ಶುರುವಾಗುವುದು ಮುಂದಿನ ತಿಂಗಳ 14ರಂದು, ಜಿಎಸ್‌ಟಿಆರ್-2ಬಿ ಬಂದ ಮೇಲೆ. ಯಾವ ಪೂರೈಕೆದಾರರು ಯಾವ ಬಿಲ್ಲನ್ನು ತೋರಿಸಿದ್ದಾರೆ ಎಂಬ ಪಟ್ಟಿ ಅದು. ಪಟ್ಟಿಯ ಪ್ರತಿ ಸಾಲಿಗೂ ನಮ್ಮ ಕೈಯಲ್ಲಿ ಬಿಲ್ಲು ಇದೆಯೇ ಎಂದು ತಾಳೆ ನೋಡಬೇಕು. ತಾಳೆಗೆ ಬೇಕಾದದ್ದು ಮೂರು: ಮಾರಿದವರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ತಾರೀಖು. ಈ ಮೂರೂ ಇ-ಇನ್‌ವಾಯ್ಸಿನ ಕ್ಯೂಆರ್ ಕೋಡಿನೊಳಗೇ ಇರುತ್ತವೆ. ಅದನ್ನು ಓದಿಸಿ ಫೈಲಿಗೆ ಅದೇ ಹೆಸರಿಟ್ಟರೆ ಹುಡುಕಾಟವೇ ಇಲ್ಲ ಎಂಬುದು ಯೋಚನೆ. ಕಣ್ಣಿನಿಂದ ಓದಿ ಟೈಪ್ ಮಾಡಿದರೆ 0187 ಸುಲಭವಾಗಿ 0137 ಆಗುತ್ತದೆ. ಕ್ಯೂಆರ್‌ನಲ್ಲಿ ದೋಷ ತಿದ್ದುವ ಲೆಕ್ಕ ಒಳಗೇ ಸೇರಿರುವುದರಿಂದ ಅದು ಇಡಿಯಾಗಿ ಸರಿಯಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನಡುವೆ ಒಂದು ಅಂಕಿ ಮಾತ್ರ ತಪ್ಪುವುದು ಇಲ್ಲವೆನ್ನುವಷ್ಟು ಅಪರೂಪ.

ಓದಿಸುವ ಕೆಲಸ ಪೈಥಾನಿನಲ್ಲಿ ಒಂದು ಸಾಲಿನದು. zxing-cpp ಎಂಬ ಉಚಿತ ಲೈಬ್ರರಿಗೆ ಚಿತ್ರ ಕೊಟ್ಟರೆ ಅದರಲ್ಲಿರುವ ಕೋಡುಗಳೆಲ್ಲ ಪಟ್ಟಿಯಾಗಿ ಬರುತ್ತವೆ. ‘ಎಲ್ಲ’ ಎಂಬಲ್ಲೇ ತೊಡಕು. ಒಂದು ಬಿಲ್ಲಿನ ಫೋಟೋದಲ್ಲಿ ಇ-ಇನ್‌ವಾಯ್ಸಿನ ಕ್ಯೂಆರ್ ಇರಬಹುದು, ಪಕ್ಕದಲ್ಲಿ ಇ-ವೇ ಬಿಲ್ಲಿನ ಕ್ಯೂಆರ್, ಅದರ ಕೆಳಗೆ ಹನ್ನೆರಡು ಅಂಕಿಯ ಗೀಟು ಬಾರ್‌ಕೋಡ್, ಅಡಿಯಲ್ಲಿ ಹಣ ಕಳಿಸಲು ಯುಪಿಐ ಕ್ಯೂಆರ್. ಮೊದಲು ಸಿಕ್ಕಿದ್ದನ್ನೇ ಹೆಸರಾಗಿಸಿದರೆ ಒಬ್ಬ ಅಂಗಡಿಯವನ ಬಿಲ್ಲುಗಳಿಗೆಲ್ಲ ಅವನ ಯುಪಿಐ ವಿಳಾಸವೇ ಹೆಸರಾಗುತ್ತದೆ. ಲಿನಕ್ಸಿನಲ್ಲಿ `os.rename` ಅದೇ ಹೆಸರಿನ ಹಳೆಯ ಫೈಲನ್ನು ಸದ್ದಿಲ್ಲದೆ ಅಳಿಸಿ ಹೊಸದನ್ನು ಕೂರಿಸುತ್ತದೆ. ಹತ್ತು ಬಿಲ್ಲುಗಳ ಜಾಗದಲ್ಲಿ ಒಂದೇ ಉಳಿಯುತ್ತದೆ. ವಿಂಡೋಸಿನಲ್ಲಾದರೆ ದೋಷ ತೋರಿಸಿ ನಿಲ್ಲುತ್ತದೆ, ಅಷ್ಟು ಪುಣ್ಯ. ಹಾಗಾಗಿ ನಾನು ನೇರವಾಗಿ ಹೆಸರು ಬದಲಿಸುವುದೇ ಇಲ್ಲ. ಮೊದಲ ಸುತ್ತಿನಲ್ಲಿ ಹಳೆಯ ಹೆಸರು, ಹೊಸ ಹೆಸರು ಎಂದು ಪಟ್ಟಿಯೊಂದು ಮಾತ್ರ ತಯಾರಾಗುತ್ತದೆ. ಅದರ ಮೇಲೆ ಕಣ್ಣಾಡಿಸಿದ ಮೇಲೆ ಎರಡನೆಯ ಸುತ್ತು.

ಬೇಕಾದ ಕೋಡನ್ನು ಗುರುತಿಸುವುದು ಕಷ್ಟವಲ್ಲ. ಇ-ಇನ್‌ವಾಯ್ಸಿನ ಕ್ಯೂಆರ್ ಬಿಡಿಸಿದಾಗ ಬಿಲ್ಲಿನ ಸಂಖ್ಯೆ ಕಾಣುವುದಿಲ್ಲ. `eyJ` ಎಂದು ಶುರುವಾಗುವ, ಎರಡು ಚುಕ್ಕಿಗಳಿಂದ ಮೂರು ಭಾಗವಾದ, ಹತ್ತಿರಹತ್ತಿರ ಸಾವಿರ ಅಕ್ಷರಗಳ ಗೋಜಲು ಕಾಣುತ್ತದೆ. ಮೊದಲ ಭಾಗ ತಲೆಬರಹ, ಕೊನೆಯದು ಸರ್ಕಾರಿ ಪೋರ್ಟಲಿನ ಡಿಜಿಟಲ್ ಸಹಿ, ವಿಷಯ ಇರುವುದು ನಡುವಿನದರಲ್ಲಿ. ಅದನ್ನು ಬೇಸ್64ರಿಂದ ಬಿಡಿಸಿದರೆ ಒಂದು ಜೇಸನ್, ಆ ಜೇಸನ್ನಿನ `data` ಒಳಗೆ ಅಕ್ಷರಮಾಲೆಯಾಗಿ ಇನ್ನೊಂದು ಜೇಸನ್. ಆದ್ದರಿಂದ ಎರಡು ಸಲ ಬಿಡಿಸಬೇಕು:

```python
def bill(text):
    p = text.split(".")
    if len(p) != 3 or not p[0].startswith("eyJ"):
        return None
    body = p[1] + "=" * (-len(p[1]) % 4)
    outer = json.loads(base64.urlsafe_b64decode(body))
    return json.loads(outer["data"])
```

ಯುಪಿಐ, ಇ-ವೇ, ಗೀಟು ಬಾರ್‌ಕೋಡ್ ಮೂರೂ `if` ಸಾಲಿನ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. `=` ಸೇರಿಸುವ ಸಾಲು ಏಕೆಂದರೆ, ಈ ಬಗೆಯ ಬರಹದಲ್ಲಿ ಕೊನೆಯ ಸಮಚಿಹ್ನೆಗಳನ್ನು ಬಿಟ್ಟಿರುತ್ತಾರೆ, ಪೈಥಾನ್ ಅವು ಬೇಕೇ ಬೇಕು ಎನ್ನುತ್ತದೆ. ಇಲ್ಲಿ ಸಹಿಯನ್ನು ಪರಿಶೀಲಿಸಿಲ್ಲ ಎಂಬುದು ನೆನಪಿರಲಿ. ಹೆಸರಿಡಲು ಇಷ್ಟು ಸಾಕು. ಬಿಲ್ಲು ಅಸಲಿಯೋ ನಕಲಿಯೋ ಎಂದು ಹೇಳಲು ಸಾಲದು.

ಒಂದು ಬಿಲ್ಲನ್ನು ಹಿಡಿದು ನೋಡೋಣ. ಒಳಗೆ `SellerGstin` 29ರಿಂದ ಶುರುವಾಗಿದೆ, ಅಂದರೆ ಕರ್ನಾಟಕದವರು, ಮಹಾರಾಷ್ಟ್ರದವರದಾದರೆ 27. `DocNo` ಎಂಬಲ್ಲಿ UB/24-25/0187, `DocDt` ಎಂಬಲ್ಲಿ 12/06/2024. ಬಿಲ್ಲಿನ ಸಂಖ್ಯೆ ಹದಿನಾರು ಅಕ್ಷರ ಮೀರಬಾರದು, ಆದರೆ ಅಡ್ಡಗೆರೆ, ಓರೆಗೆರೆ ಇರಬಹುದು ಎಂದು ಜಿಎಸ್‌ಟಿ ನಿಯಮವೇ ಹೇಳುತ್ತದೆ. ಓರೆಗೆರೆಯನ್ನು ಫೈಲಿನ ಹೆಸರು ಒಪ್ಪುವುದಿಲ್ಲ; ಕಂಪ್ಯೂಟರಿಗೆ ಅದು ಫೋಲ್ಡರಿನ ಗಡಿ. ಅದನ್ನು ಬೇರೆ ಯಾವುದಕ್ಕೆ ಬದಲಿಸಬೇಕು ಎಂದು ಯೋಚಿಸಿಯೇ ನಿರ್ಧರಿಸಬೇಕು. ಅಡ್ಡಗೆರೆಯಾಗಿಸಿದರೆ ಮೊದಲೇ ಇದ್ದ ಅಡ್ಡಗೆರೆ ಯಾವುದು, ನಾವು ಹಾಕಿದ್ದು ಯಾವುದು ಎಂದು ತಿಳಿಯದೆ, 2ಬಿ ಜೊತೆ ತಾಳೆ ಹಾಕುವಾಗ ಮೂಲ ಸಂಖ್ಯೆಯನ್ನು ಮರಳಿ ಪಡೆಯಲಾಗದು. ನಾನು ಅಡಿಗೆರೆ ಹಾಕುತ್ತೇನೆ. ತಾರೀಖನ್ನು ವರ್ಷ ಮೊದಲು ಬರುವಂತೆ ತಿರುಗಿಸುತ್ತೇನೆ, ಆಗ ಒಬ್ಬರ ಬಿಲ್ಲುಗಳು ತಾರೀಖಿನ ಕ್ರಮದಲ್ಲೇ ಸಾಲುಗಟ್ಟುತ್ತವೆ. ಕೊನೆಗೆ ಹೆಸರು: ಜಿಎಸ್‌ಟಿ ಸಂಖ್ಯೆ, ನಂತರ `_20240612_UB_24-25_0187.jpg`.

ಬರೀ ಬಿಲ್ಲಿನ ಸಂಖ್ಯೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. 0187 ಎಂಬ ಬಿಲ್ಲು ಹತ್ತು ಜನರ ಬಳಿ ಇರುತ್ತದೆ, ಒಬ್ಬರಲ್ಲೇ ಪ್ರತಿ ಆರ್ಥಿಕ ವರ್ಷವೂ ಮತ್ತೆ ಬರಬಹುದು. ಸಾಟಿಯಿಲ್ಲದ ಗುರುತು ಬೇಕಾದರೆ ಅದೇ ಕ್ಯೂಆರ್‌ನಲ್ಲಿ `Irn` ಇದೆ, ಅರವತ್ತನಾಲ್ಕು ಅಕ್ಷರದ್ದು. ಮನುಷ್ಯರು ಓದಲಾಗದ ಆ ಹೆಸರನ್ನು ಫೈಲಿಗಿಡುವುದು ನನಗೆ ಒಗ್ಗಲಿಲ್ಲ. ಪಟ್ಟಿಯಲ್ಲಿ ಒಂದು ಕಾಲಮ್ಮಾಗಿ ಇಟ್ಟುಕೊಂಡಿದ್ದೇನೆ. ಎರಡು ಫೋಟೋಗಳ `Irn` ಒಂದೇ ಆದರೆ ಅದೇ ಬಿಲ್ಲು ಎರಡು ಸಲ ಬಂದಿದೆ, ಎರಡನೆಯದಕ್ಕೆ `_2` ಸೇರುತ್ತದೆ. ಒಂದೇ ಫೋಟೋದಲ್ಲಿ ಎರಡು ಬೇರೆ `Irn` ಸಿಕ್ಕರೆ ಎರಡು ಬಿಲ್ಲುಗಳನ್ನು ಒಟ್ಟಿಗಿಟ್ಟು ತೆಗೆದಿದ್ದಾರೆ. ಅದಕ್ಕೆ ಹೆಸರಿಡದೆ ಪಕ್ಕಕ್ಕೆ ಸರಿಸುತ್ತೇನೆ.

ಇಷ್ಟೆಲ್ಲ ಮಾಡಿದರೂ ಓದಿಸಿಕೊಳ್ಳದ ಫೋಟೋಗಳು ಬಹಳ ಇದ್ದವು. ವಿಚಿತ್ರವೆಂದರೆ ಆ ಫೋಟೋಗಳಲ್ಲೇ ಯುಪಿಐ ಕ್ಯೂಆರ್ ಸಲೀಸಾಗಿ ಬರುತ್ತಿತ್ತು. ಲೈಬ್ರರಿ ಬದಲಿಸಿ ನೋಡಿದರೂ ದೊಡ್ಡ ವ್ಯತ್ಯಾಸವಿಲ್ಲ. ಉತ್ತರ ಸಿಕ್ಕಿದ್ದು ಕಾಗದದ ಮೇಲೆ ಲೆಕ್ಕ ಹಾಕಿದಾಗ. ಸಾವಿರ ಅಕ್ಷರ ಹಿಡಿಸಲು ಇ-ಇನ್‌ವಾಯ್ಸಿನ ಕ್ಯೂಆರ್‌ಗೆ ಒಂದೊಂದು ಬದಿಗೆ ನೂರಹತ್ತರ ಆಸುಪಾಸಿನಷ್ಟು ಚೌಕಗಳು ಬೇಕು. ಯುಪಿಐಯದಕ್ಕೆ ಅದರ ಅರ್ಧವೂ ಬೇಡ. ಬಿಲ್ಲಿನ ಮೂಲೆಯಲ್ಲಿ ಇ-ಇನ್‌ವಾಯ್ಸಿನ ಕ್ಯೂಆರನ್ನು ಸುಮಾರು 25 ಮಿ.ಮೀ. ಅಗಲಕ್ಕೆ ಅಚ್ಚು ಹಾಕಿದರೆ ಒಂದು ಚೌಕ 0.23 ಮಿ.ಮೀ. ಎ4 ಹಾಳೆಯ ಉದ್ದ 297 ಮಿ.ಮೀ. ಹಾಳೆ ಚೌಕಟ್ಟನ್ನು ತುಂಬಿಕೊಂಡು 4000 ಪಿಕ್ಸೆಲ್ ಉದ್ದದ ಫೋಟೋ ಬಂದರೆ ಒಂದು ಚೌಕಕ್ಕೆ ಮೂರು ಪಿಕ್ಸೆಲ್ ಸಿಗುತ್ತದೆ, ಓದಲು ಬಹುತೇಕ ಸಾಕು. ಅದೇ ಫೋಟೋ ಮೆಸೇಜ್ ಆ್ಯಪಿನಲ್ಲಿ ಕುಗ್ಗಿ 1600 ಪಿಕ್ಸೆಲ್ ಆಗಿ ಬಂದರೆ ಚೌಕಕ್ಕೆ ಒಂದು ಕಾಲು ಪಿಕ್ಸೆಲ್ಲೂ ಇಲ್ಲ. ಕಪ್ಪು ಬಿಳುಪು ಬೆರೆತು ಬೂದುಬಣ್ಣವಾಗಿರುತ್ತದೆ. ಇಂಥದ್ದನ್ನು ಎಷ್ಟು ಹಿಗ್ಗಿಸಿದರೂ, ಎಷ್ಟು ಚೂಪು ಮಾಡಿದರೂ ಕಳೆದುಹೋದದ್ದು ಮರಳುವುದಿಲ್ಲ. ಓದಿಸಿಕೊಳ್ಳದ ಫೋಟೋ ಕಂಡರೆ ಈಗ ಮೊದಲು ನೋಡುವುದು ಅದರ ಪಿಕ್ಸೆಲ್ ಅಳತೆ.

ಗೇಟಿನವರಿಗೆ ಹೇಳಿದ್ದು ಎರಡೇ ಮಾತು. ಒಂದು, ಫೋಟೋವನ್ನು ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಅದು ಕುಗ್ಗುವುದಿಲ್ಲ. ಎರಡನೆಯದು ಶಿಕ್ಕಾದ ವಿಷಯ. ಬಹಳಷ್ಟು ಬಿಲ್ಲುಗಳಲ್ಲಿ ನಮ್ಮ ಇನ್‌ವರ್ಡ್ ಶಿಕ್ಕಾ ಸರಿಯಾಗಿ ಕ್ಯೂಆರ್ ನೆತ್ತಿಯ ಮೇಲೇ ಬೀಳುತ್ತಿತ್ತು. “ಮಗ್ ಶಿಕ್ಕಾ ಕುಠೇ ಮಾರೂ?” ಎಂದು ಸೆಕ್ಯುರಿಟಿಯ ಕಾಕಾ ಮರಾಠಿಯಲ್ಲಿ ಕೇಳಿದರು. ಬಿಲ್ಲಿನ ತುಂಬ ಅಂಕಿ, ಅಕ್ಷರ. ಎಲ್ಲಿ ಹೊಡೆಯಬೇಕು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಪಕ್ಕದಲ್ಲಿದ್ದ ಬೆಳಗಾವಿಯ ಡ್ರೈವರ್ ನಕ್ಕು, “ಅವ್ರಿಗಿ ಅದು ಡಿಜೈನ್ ಅನಸ್ತದ್ರೀ ಸರ್, ಓದಾಕ ಬರೂ ಜಾಗಾದಾಗ ಯಾರ್ ಶಿಕ್ಕಾ ಹೊಡೀತಾರ?” ಎಂದ. ಸಹಿ ಮಾಡುವ ಜಾಗದ ಪಕ್ಕಕ್ಕೆ ಎಂದು ತೀರ್ಮಾನವಾಯಿತು.

ಆಗಲೇ ಶಿಕ್ಕಾ ಬಿದ್ದಿದ್ದ ಹಳೆಯ ಫೋಟೋಗಳಿಗೆ ಒಂದು ಉಪಾಯ ಫಲಿಸಿತು. ನಮ್ಮ ಶಾಯಿ ನೀಲಿ. ಬಣ್ಣದ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಮೂರು ಪದರಗಳಿರುತ್ತವೆ. ನೀಲಿ ಪದರವನ್ನು ಮಾತ್ರ ತೆಗೆದು ನೋಡಿದರೆ ನೀಲಿ ಶಾಯಿ ಮಸುಕಾಗಿ ಕಾಗದದ ಬಿಳುಪಿಗೆ ಹತ್ತಿರವಾಗುತ್ತದೆ, ಅಚ್ಚಿನ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

```python
codes = zxingcpp.read_barcodes(img)
if not any(bill(c.text) for c in codes):
    codes = zxingcpp.read_barcodes(img.getchannel("B"))
```

ಕೆಂಪು ಶಾಯಿಯಾಗಿದ್ದರೆ `"R"`. ಕಪ್ಪು ಶಾಯಿಗೆ ಈ ದಾರಿಯಿಲ್ಲ. ಕ್ಯೂಆರ್ ತನ್ನ ಹಾನಿಯನ್ನು ತಾನೇ ತುಂಬಿಕೊಳ್ಳುತ್ತದೆ ಎಂಬುದು ನಿಜ, ಆದರೆ ಅತಿ ಕಡಿಮೆ ಮಟ್ಟದಲ್ಲಿ ಅದು ಸುಮಾರು ಶೇಕಡಾ 7, ಅದರ ಮೇಲಿನ ಮಟ್ಟದಲ್ಲಿ 15. ಕಾಲುಭಾಗ ಮುಚ್ಚಿದ ಕಪ್ಪು ಮುದ್ರೆಗೆ ಅದು ಸಾಲದು.

ಗೀಟು ಬಾರ್‌ಕೋಡುಗಳ ಬಗ್ಗೆ ಒಂದು ಮಾತು. ಇ-ವೇ ಬಿಲ್ಲಿನ ಹನ್ನೆರಡು ಅಂಕಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ, ಆದರೆ ಸರಿಯಾಗಿ ಹನ್ನೆರಡು ಅಂಕಿ ಇದ್ದರೆ ಮಾತ್ರ. ಕೆಲವು ಹಳೆಯ ಬಗೆಯ ಬಾರ್‌ಕೋಡುಗಳಲ್ಲಿ ತಪ್ಪು ಹಿಡಿಯುವ ಅಂಕಿ ಕಡ್ಡಾಯವಲ್ಲ. ಬಿಲ್ಲಿನ ಕೋಷ್ಟಕದ ಉದ್ದಗೆರೆಗಳನ್ನೇ ಬಾರ್‌ಕೋಡ್ ಎಂದು ಭ್ರಮಿಸಿ ಲೈಬ್ರರಿ ನಾಲ್ಕಾರು ಅಂಕಿ ಕೊಟ್ಟುಬಿಡುವುದುಂಟು. ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ತೆರೆದಾಗಲೂ ಎಚ್ಚರ ಬೇಕು. ಹನ್ನೆರಡು ಅಂಕಿ 1.81E+11 ಎಂಬಂತೆ ಕಾಣುತ್ತದೆ, ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಉಳಿದ ಅಂಕಿಗಳು ಹೋದಂತೆಯೇ. ಆ ಕಾಲಮ್ಮನ್ನು ಪಠ್ಯ ಎಂದು ಗುರುತು ಮಾಡಿಯೇ ತೆರೆಯುತ್ತೇನೆ.

ಇನ್ನು ಉಳಿದದ್ದು ಕ್ಯೂಆರ್ ಇಲ್ಲದ ಬಿಲ್ಲುಗಳು. ಇ-ಇನ್‌ವಾಯ್ಸ್ 2020ರ ಅಕ್ಟೋಬರಿನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಗೆ ಶುರುವಾಗಿ, 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ಮೀರಿದವರ ತನಕ ಇಳಿಯಿತು. ಅದಕ್ಕಿಂತ ಸಣ್ಣ ಭೋಸರಿಯ ವರ್ಕ್‌ಶಾಪುಗಳ ಬಿಲ್ಲಿನಲ್ಲಿ ಓದಲು ಏನೂ ಇಲ್ಲ. ಎರಡು ಪುಟದ ಬಿಲ್ಲಿನ ಎರಡನೆಯ ಪುಟದ್ದೂ ಸಾಮಾನ್ಯವಾಗಿ ಇದೇ ಕಥೆ. ಹಿಂದಿನ ಫೋಟೋದ ಸಮಯ ನೋಡಿ ಅದರ ಹೆಸರನ್ನೇ ಇದಕ್ಕೂ ಕೊಡಬಹುದಲ್ಲ ಎಂದು ಜೊತೆಯ ಹುಡುಗ ಹೇಳಿದ. ಗೇಟಿನಲ್ಲಿ ಮೂರು ಲಾರಿ ಒಟ್ಟಿಗೆ ನಿಂತ ಹೊತ್ತಿನಲ್ಲಿ ಅದು ಬರೀ ಊಹೆಯಾಗುತ್ತದೆ. ಇಂಥವೆಲ್ಲ ‘ಕೈಯಲ್ಲಿ ನೋಡುವುದು’ ಎಂಬ ಬೇರೆ ಫೋಲ್ಡರಿಗೆ ಹೋಗುತ್ತವೆ, ಹಳೆಯ ಹೆಸರಿನಲ್ಲೇ. ಶನಿವಾರ ಮಧ್ಯಾಹ್ನ ಕೂತು ಒಂದೊಂದಾಗಿ ಟೈಪ್ ಮಾಡುತ್ತೇವೆ.