ಒಂದೇ ಉದ್ಯಮಕ್ಕೆ ಮೀಸಲಾಗುವ ಮುನ್ನ: ಒಂದು ಲೇತ್ ಘಟಕದ ಲೆಕ್ಕ

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಸಿಎನ್‌ಸಿ ಲೇತ್‌ಗಳಿರುವ ಜಾಬ್‌ವರ್ಕ್ ಘಟಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪಂಪಿನ ಬುಷ್, ವಾಲ್ವಿನ ಬಿಡಿಭಾಗ, ವಾಹನದ ಪಿನ್ ಹೀಗೆ ಬಂದ ಕೆಲಸವನ್ನೆಲ್ಲ ಅದು ಮಾಡಿಕೊಡುತ್ತದೆ. ಈಗ ದೊರೆಯುವ ದರ ಯಂತ್ರದ ಗಂಟೆಗೆ 500 ರೂ. ಮೂಳೆ ಜೋಡಣೆಯ ತಿರುಪುಗಳನ್ನು ತಯಾರಿಸುವ ಸಂಸ್ಥೆಯೊಂದು 850 ರೂ. ಕೊಡಲು ಮುಂದೆ ಬಂದರೆ, ಘಟಕವು ವೈದ್ಯಕೀಯ ಕ್ಷೇತ್ರಕ್ಕೆ ಮೀಸಲಾಗಬೇಕೇ?

ದರ ಏಕೆ ಹೆಚ್ಚು?

ತಿರುಪಿನ ಆಕಾರ ಕಠಿಣವೆಂಬುದಷ್ಟೇ ಇದಕ್ಕೆ ಕಾರಣವಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯದ ಮಟ್ಟಕ್ಕೆ ಅನುಗುಣವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಿವೆ. ಅಂತಿಮ ಸಾಧನದ ಹೊಣೆ ಹೊತ್ತ ಸಂಸ್ಥೆಯು ತನಗೆ ಕೆಲಸ ಮಾಡಿಕೊಡುವ ಘಟಕವನ್ನೂ ತಪಾಸಣೆಗೆ ಒಳಪಡಿಸುತ್ತದೆ. ಐಎಸ್‌ಒ 13485 ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಕೇಳುತ್ತದೆ. ಯಾವ ತಿರುಪು ಯಾವ ಹೀಟ್ ನಂಬರಿನ ಸರಳಿನಿಂದ ಬಂದಿತು, ಯಾವ ಯಂತ್ರದಲ್ಲಿ ತಯಾರಾಯಿತು, ಯಾರು ಅಳೆದರು ಎಂಬುದನ್ನು ವರ್ಷಗಳ ನಂತರವೂ ತೋರಿಸಬೇಕಾಗುತ್ತದೆ. ಒಮ್ಮೆ ಒಪ್ಪಿಗೆ ಪಡೆದ ಯಂತ್ರ, ಉಪಕರಣ ಅಥವಾ ಕೂಲೆಂಟನ್ನು ಕೊಳ್ಳುವವರಿಗೆ ತಿಳಿಸದೆ ಬದಲಿಸುವಂತಿಲ್ಲ.

ಈ ಕಟ್ಟುಪಾಡಿನಲ್ಲೇ ಲಾಭದ ಮೂಲವೂ ಇದೆ. ಬೇರೆ ಘಟಕಕ್ಕೆ ಕೆಲಸ ವರ್ಗಾಯಿಸಬೇಕಾದರೆ ಕೊಳ್ಳುವವರೂ ಮಾದರಿ, ಪರೀಕ್ಷೆ, ಒಪ್ಪಿಗೆಗಳನ್ನು ಮೊದಲಿನಿಂದ ನಡೆಸಬೇಕು. ಆದ್ದರಿಂದ ಕೆಲವೇ ರೂಪಾಯಿ ಕಡಿಮೆ ದರಕ್ಕೆ ಅವರು ಸುಲಭವಾಗಿ ಕೈಬಿಡುವುದಿಲ್ಲ.

ಒಪ್ಪಿಗೆಗಾಗಿ ಕಾಯುವ ವರ್ಷ

ಘಟಕವು ಒಂದು ಯಂತ್ರವನ್ನು ಇದಕ್ಕೆ ತೆಗೆದಿಡುತ್ತದೆ ಎನ್ನೋಣ. ಎರಡು ಷಿಫ್ಟ್‌ಗಳಲ್ಲಿ ಅದರಿಂದ ತಿಂಗಳಿಗೆ 300 ಗಂಟೆ ದುಡಿಮೆ ಸಿಗುತ್ತದೆ. ಸಾಮಾನ್ಯ ಕೆಲಸದಲ್ಲಿ ವಿದ್ಯುತ್ತು, ಉಪಕರಣಗಳ ಖರ್ಚು 150 ರೂ. ಕಳೆದು ಗಂಟೆಗೆ 350 ರೂ. ಉಳಿಯುತ್ತದೆ. ಒಪ್ಪಿಗೆಗೆ ಒಂದು ವರ್ಷ ಹಿಡಿದು, ಆ ಯಂತ್ರ ಬೇರೇನನ್ನೂ ಮಾಡದಿದ್ದರೆ ಕೈತಪ್ಪುವ ಉಳಿಕೆ 12.6 ಲಕ್ಷ ರೂ. ಅಳತೆ ಸಾಧನ, ಪ್ರಮಾಣಪತ್ರಗಳಿಗೆ 6 ಲಕ್ಷ ಸೇರಿದರೆ ಹೂಡಿಕೆ 18.6 ಲಕ್ಷ.

ಆದರೆ ಮಾದರಿಗಳಿಗೆ ತಿಂಗಳಿಗೆ 100 ಗಂಟೆ ಸಾಕಾಗಿ, ಉಳಿದ 200 ಗಂಟೆ ಸಾಮಾನ್ಯ ಕೆಲಸ ನಡೆದರೆ ಕೈತಪ್ಪುವುದು 4.2 ಲಕ್ಷ ಮಾತ್ರ. ಒಟ್ಟು ಹೂಡಿಕೆ 10.2 ಲಕ್ಷಕ್ಕೆ ಇಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ಉಕ್ಕಿನ ಸಣ್ಣ ಕಣ ಸ್ಟೇನ್‌ಲೆಸ್ ಉಕ್ಕಿನ ಮೇಲೆ ಅಂಟಿಕೊಂಡರೆ ಅಲ್ಲಿ ತುಕ್ಕಿನ ಚುಕ್ಕೆ ಮೂಡುತ್ತದೆ. ಆದ್ದರಿಂದ ಆ ಯಂತ್ರಕ್ಕೆ ಸ್ಟೇನ್‌ಲೆಸ್ ಉಕ್ಕಿನ ಕೆಲಸವನ್ನೇ ಆರಿಸಿ, ಮಾದರಿಗೆ ಮುನ್ನ ಯಂತ್ರವನ್ನು ಶುಚಿಗೊಳಿಸಿ ಕೂಲೆಂಟ್ ಬದಲಿಸಬೇಕು.

ತುಂಬಿದ ಗಂಟೆಗಳೇ ನಿರ್ಣಾಯಕ

ಒಪ್ಪಿಗೆಯ ನಂತರ 850 ರೂ. ದರದಲ್ಲಿ 200 ರೂ. ಖರ್ಚು ಕಳೆದು 650 ರೂ. ಉಳಿಯುತ್ತದೆ, ಅಂದರೆ ಗಂಟೆಗೆ 300 ರೂ. ಹೆಚ್ಚುವರಿ. ದಾಖಲೆ ಮತ್ತು ತಪಾಸಣೆಗೆ ನೇಮಿಸುವ ನೌಕರನಿಗೆ ತಿಂಗಳಿಗೆ 30,000 ರೂ. ಬೇಕೆಂದರೆ, ಮೊದಲ 100 ಗಂಟೆಗಳ ಹೆಚ್ಚುವರಿ ಅವನ ಸಂಬಳಕ್ಕೇ ಸಲ್ಲುತ್ತದೆ. 300 ಗಂಟೆಯೂ ತುಂಬಿದರೆ ತಿಂಗಳಿಗೆ 60,000 ರೂ. ಉಳಿದು 10.2 ಲಕ್ಷ 17 ತಿಂಗಳಲ್ಲಿ ಹಿಂದಿರುಗುತ್ತದೆ. ಕೇವಲ 150 ಗಂಟೆ ತುಂಬಿ, ಮಿಕ್ಕ ಸಮಯ ಸಾಮಾನ್ಯ ಕೆಲಸ ನಡೆದರೆ ಹೆಚ್ಚುವರಿ 15,000 ರೂ. ಮಾತ್ರ, ಅದೇ ಮೊತ್ತ ಮರಳಲು 68 ತಿಂಗಳು ಬೇಕು. ದರದಲ್ಲಿ ಒಂದು ಪೈಸೆಯೂ ವ್ಯತ್ಯಾಸವಿಲ್ಲದಿದ್ದರೂ ಕೆಲಸದ ಪ್ರಮಾಣ ಅರ್ಧಕ್ಕಿಳಿದುದರಿಂದ ಅವಧಿ ನಾಲ್ಕು ಪಟ್ಟಾಯಿತು.

ಈ ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆ ಹಿಡಿದಿದೆ. ಪ್ರತಿ ಘಟಕವೂ ತನ್ನ ಅಂಕಿಗಳನ್ನಿಟ್ಟು ಇದೇ ಲೆಕ್ಕ ಮಾಡಬೇಕು.

ನಿರ್ಧಾರದ ಕ್ರಮ

ಮಾತುಕತೆಯಲ್ಲಿ ದರಕ್ಕಿಂತ ಮೊದಲು ತಿಂಗಳಿಗೆ ಕನಿಷ್ಠ ಎಷ್ಟು ಗಂಟೆಯ ಕೆಲಸ ಎಂಬುದನ್ನು ಲಿಖಿತವಾಗಿ ಕೇಳುವುದು ಒಳಿತು. ಮಾದರಿಗಳನ್ನು ಪದೇ ಪದೇ ತರಿಸಿಕೊಂಡು ಖರೀದಿ ಆದೇಶದ ಪ್ರಮಾಣವನ್ನು ಹೇಳದಿರುವುದು, ಮಾದರಿಯ ವೆಚ್ಚ ಭರಿಸಲು ಒಪ್ಪದಿರುವುದು ಅಪಾಯದ ಸೂಚನೆಗಳು. ಕೊಳ್ಳುವವರ ಬೆಲೆಯೂ ಸ್ಥಿರವಲ್ಲ. 2017ರ ಆಗಸ್ಟ್‌ನಲ್ಲಿ ಸರ್ಕಾರ ಮಂಡಿಚಿಪ್ಪಿನ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು. ಇಂಥ ಒತ್ತಡ ಕೆಳಗಿನ ಜಾಬ್‌ವರ್ಕ್ ದರಕ್ಕೂ ತಟ್ಟಬಹುದು.

ಈ ಘಟಕಕ್ಕೆ ಲೆಕ್ಕ ತೋರಿಸುವ ದಾರಿ ಇದು: ಒಂದು ಯಂತ್ರ ವೈದ್ಯಕೀಯ ಕೆಲಸಕ್ಕೆ, ಮೂರು ಯಂತ್ರ ಹಳೆಯ ಗ್ರಾಹಕರಿಗೆ. ಕನಿಷ್ಠ ಇಬ್ಬರು ಕೊಳ್ಳುವವರಿಂದ ಮೊದಲ ಯಂತ್ರದ ಗಂಟೆಗಳು ಸತತ ಆರು ತಿಂಗಳು ತುಂಬಿದ ಮೇಲೆ ಎರಡನೆಯದನ್ನು ಬದಲಿಸಬಹುದು. ತಿಂಗಳಿಗೆ 100 ಗಂಟೆಯ ಭರವಸೆಯೂ ದೊರೆಯದಿದ್ದರೆ, 850 ರೂ. ದರವಿದ್ದರೂ ಆ ಕೆಲಸವನ್ನು ಬಿಡುವುದೇ ಲಾಭ.