ಬಾಂಡ್ ಬೆಲೆ ಲೆಕ್ಕ ಹಾಕಿ: 6 ಸೂತ್ರಗಳು

ಬ್ಯಾಂಕ್ ಪರೀಕ್ಷೆ ಇರಲಿ, ಟ್ರೆಷರಿ ಕೆಲಸದ ಇಂಟರ್‌ವ್ಯೂ ಇರಲಿ, ಬಾಂಡ್ ಬೆಲೆಯ ಪ್ರಶ್ನೆಗೆ ಹೆದರಬೇಡಿ. ಪೆನ್ನು, ಹಾಳೆ, ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ನಮ್ಮ ಉದಾಹರಣೆ ಇದು: ₹10,000 ಮುಖಬೆಲೆಯ ಸರ್ಕಾರಿ ಬಾಂಡ್. ಕೂಪನ್ ವರ್ಷಕ್ಕೆ ಶೇ. 7. ಮೆಚ್ಯೂರಿಟಿಗೆ ಸರಿಯಾಗಿ 2 ವರ್ಷ ಬಾಕಿ. ಮಾರುಕಟ್ಟೆಯಲ್ಲಿ ಇಂಥ ಬಾಂಡಿನ ಯೀಲ್ಡ್ ಈಗ ಶೇ. 8. ಇಂದು ಇದಕ್ಕೆ ಎಷ್ಟು ಕೊಡಬಹುದು?

1. ಮೊದಲು ಬರುವ ಹಣವನ್ನೆಲ್ಲ ಬರೆದುಕೊಳ್ಳಿ.
ಫಾರ್ಮುಲಾ ಆಮೇಲೆ. ನಮ್ಮ ಸರ್ಕಾರಿ ಬಾಂಡುಗಳು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ. ವರ್ಷಕ್ಕೆ ₹700 ಅಂದರೆ ಪ್ರತಿ ಅರ್ಧ ವರ್ಷಕ್ಕೆ ₹350. ಹಾಗಾಗಿ ಮೂರು ಸಲ ₹350 ಬರುತ್ತದೆ. ನಾಲ್ಕನೇ ಸಲ ಕೊನೆಯ ಬಡ್ಡಿಯ ಜೊತೆ ಅಸಲೂ ಸೇರಿ ₹10,350. ಈ ನಾಲ್ಕು ಮೊತ್ತಗಳ ಇಂದಿನ ಬೆಲೆಯೇ ಬಾಂಡಿನ ಬೆಲೆ.

2. ಯೀಲ್ಡನ್ನೂ ಅರ್ಧ ಮಾಡಿ.
ಹಣ ಬರುವುದು ಆರು ತಿಂಗಳಿಗೊಮ್ಮೆ, ಆದ್ದರಿಂದ ದರವೂ ಆರು ತಿಂಗಳದ್ದೇ ಆಗಬೇಕು. ಮಾರುಕಟ್ಟೆಯ ರೂಢಿಯಂತೆ ಶೇ. 8 ಅನ್ನು 2ರಿಂದ ಭಾಗಿಸಿ: ಶೇ. 4. ಡಿಸ್ಕೌಂಟ್ ಮಾಡುವಾಗ ಕೂಪನ್ ದರವನ್ನು ಮುಟ್ಟಬೇಡಿ. ಎಷ್ಟು ಹಣ ಬರುತ್ತದೆ ಎಂದು ಕೂಪನ್ ಹೇಳುತ್ತದೆ. ಆ ಹಣಕ್ಕೆ ಇಂದು ಎಷ್ಟು ಬೆಲೆ ಎಂದು ಯೀಲ್ಡ್ ಹೇಳುತ್ತದೆ.

3. ಒಂದೊಂದನ್ನೂ ಬೇರೆಬೇರೆಯಾಗಿ ಡಿಸ್ಕೌಂಟ್ ಮಾಡಿ.
ಮೊದಲ ಕಂತನ್ನು 1.04ರಿಂದ ಒಂದು ಸಲ ಭಾಗಿಸಿ, ಎರಡನೆಯದನ್ನು ಎರಡು ಸಲ, ಹೀಗೆ ಮುಂದುವರಿಸಿ. ಹಣ ತಡವಾದಷ್ಟೂ ಅದರ ಇಂದಿನ ಬೆಲೆ ಕಡಿಮೆ.

- 6 ತಿಂಗಳು: 350 ÷ 1.04 = ₹336.54
- 12 ತಿಂಗಳು: 350 ÷ 1.04² = ₹323.59
- 18 ತಿಂಗಳು: 350 ÷ 1.04³ = ₹311.15
- 24 ತಿಂಗಳು: 10,350 ÷ 1.04⁴ = ₹8,847.22

ಕೂಡಿಸಿ: ₹9,818.50. ಮಧ್ಯದಲ್ಲಿ ಪೈಸೆಗೆ ರೌಂಡ್ ಮಾಡದಿದ್ದರೆ ₹9,818.51. ಎಕ್ಸೆಲ್‌ನಲ್ಲಾದರೆ ಇಷ್ಟೇ ಟೈಪ್ ಮಾಡಿ:

```
=NPV(4%,350,350,350,10350)
```

4. ನೀವೇ ತಾಳೆ ನೋಡಿ.
"ಸರಿ ಇದೆಯಾ?" ಎಂದು ಪಕ್ಕದವರನ್ನು ಕೇಳುವ ಅಭ್ಯಾಸ ಬಿಡಿ. ₹9,818.51ಕ್ಕೆ ಶೇ. 4 ಸೇರಿಸಿ, ಬಂದ ₹350 ಕಳೆಯಿರಿ: ₹9,861.25. ಮತ್ತೆ ಹಾಗೇ ಮಾಡಿ: ₹9,905.70. ಇನ್ನೊಮ್ಮೆ: ₹9,951.92. ಕೊನೆಯ ಸಲ ಶೇ. 4 ಸೇರಿಸಿದರೆ ಸರಿಯಾಗಿ ₹10,350. ಹೂಡಿದ ಹಣ ಪ್ರತಿ ಆರು ತಿಂಗಳಿಗೆ ಶೇ. 4 ದುಡಿಯಿತು, ಎಲ್ಲ ಕಂತುಗಳೂ ಚುಕ್ತಾ ಆದವು. ಇದಕ್ಕಿಂತ ಗಟ್ಟಿ ಪುರಾವೆ ಬೇಡ.

5. ತಪ್ಪು ಉತ್ತರಗಳ ಮುಖಪರಿಚಯ ಮಾಡಿಕೊಳ್ಳಿ.
ಕೂಪನ್ ಯೀಲ್ಡಿಗಿಂತ ಕಡಿಮೆ ಇದ್ದರೆ ಕೂಪನ್ ದಿನಾಂಕದಂದು ಬೆಲೆ ಮುಖಬೆಲೆಗಿಂತ ಕೆಳಗಿರಲೇಬೇಕು. ₹10,000 ದಾಟಿದರೆ ನಿಲ್ಲಿಸಿ, ಮೊದಲಿನಿಂದ ನೋಡಿ. ₹8,510 ಬಂತೇ? ಯೀಲ್ಡನ್ನು ಅರ್ಧ ಮಾಡಲು ಮರೆತಿದ್ದೀರಿ. ₹9,519 ಬಂತೇ? ಅಸಲಿನ ಜೊತೆ ಬರುವ ಕೊನೆಯ ಕೂಪನ್ ಬಿಟ್ಟಿದ್ದೀರಿ. ಉತ್ತರದ ಅಂಕಿಯೇ ತಪ್ಪಿನ ಜಾಗ ತೋರಿಸುತ್ತದೆ.

6. ಕೂಪನ್ ದಿನಾಂಕಗಳ ನಡುವೆ ಕೊಂಡರೆ ಎರಡು ಬೆಲೆ ಹೇಳಿ.
ಮೂರು ತಿಂಗಳು ಕಳೆದಿದೆ, ಯೀಲ್ಡ್ ಬದಲಾಗಿಲ್ಲ ಎನ್ನಿ. ಪ್ರತಿ ಕಂತೂ ಅರ್ಧ ಅವಧಿ ಹತ್ತಿರ ಬಂದಿದೆ. ಆದ್ದರಿಂದ ₹9,818.51 ಅನ್ನು 1.04ರ ವರ್ಗಮೂಲದಿಂದ ಗುಣಿಸಿ: ₹10,012.95. ಕೊಳ್ಳುವವರು ನಿಜಕ್ಕೂ ಕೊಡುವ ಮೊತ್ತ ಇದು, ಡರ್ಟಿ ಪ್ರೈಸ್. ಇದರಲ್ಲಿ ಮಾರುವವರಿಗೆ ಸೇರಬೇಕಾದ ಮೂರು ತಿಂಗಳ ಬಡ್ಡಿ ₹175 ಇದೆ. ಅದನ್ನು ಕಳೆದರೆ ಕ್ಲೀನ್ ಪ್ರೈಸ್ ₹9,837.95. ಮಾರುಕಟ್ಟೆ ಕೋಟ್ ಮಾಡುವುದು ಕ್ಲೀನ್ ಪ್ರೈಸನ್ನು, ಅದೂ ₹100 ಮುಖಬೆಲೆಗೆ: ಸುಮಾರು ₹98.38. ಕೋಟ್ ನೋಡಿ ಅಷ್ಟೇ ಹಣ ಸಿದ್ಧ ಮಾಡಿಟ್ಟುಕೊಂಡರೆ ₹175 ಕಡಿಮೆ ಬೀಳುತ್ತದೆ.

ಈಗ ನಿಮ್ಮ ಸರದಿ. ಇದೇ 2 ವರ್ಷದ ಬಾಂಡಿಗೆ ಯೀಲ್ಡ್ ಶೇ. 6 ಇಟ್ಟು, ನಾಲ್ಕೂ ಕಂತುಗಳನ್ನು ಕೈಯಾರೆ ಡಿಸ್ಕೌಂಟ್ ಮಾಡಿ. ₹10,185.85 ಬಂದರೆ ನಿಮ್ಮ ಲೆಕ್ಕ ಸರಿ.